ಮುಖ ಬೆಳ್ಳಗೆ ಮಾಡ್ಬೇಡಿ, ಮಾಸ್ಕ್ ಹಾಕಿ

1/8

ಫೇರ್‌ವೆಲ್ ಪೋಸ್ಟರ್ ನೋಡಿದ್ರಲ್ಲ? ಹದಿನಾರು ಜನರ ಡಬಲ್ ಎಕ್ಸ್‌ಪೋಶರ್ ಪೋರ್ಟ್ರೇಟ್. ಹದಿನಾರು ತಲೆಯೊಳಗೂ ಒಂದೇ ಪೈನ್ ಮರದ ಕಾಡು, ಅದೇ ಮಂಜು, ಅದೇ ಹಿಮದ ಬೆಟ್ಟ. ನಮ್ಮ ಕ್ಲಾಸಲ್ಲಿ ಒಬ್ಬರೂ ಪೈನ್ ಕಾಡಲ್ಲಿ ಹುಟ್ಟಿದವರಿಲ್ಲ. ಅದನ್ನ ಮಾಡಿದವನು ನಾನೇ, ಹಾಗಾಗಿ ಬೈಯೋದನ್ನ ನನ್ನಿಂದಲೇ ಶುರು ಮಾಡ್ತೀನಿ.

ಕಾಡಿನ ವಿಷಯ ಆಮೇಲೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಪೋಸ್ಟರಲ್ಲಿದ್ದ ಗೆಳತಿಯೊಬ್ಬಳು ಅದನ್ನ ಮನೆಗೆ ಕಳಿಸಿದ್ದಳು. ಅವಳ ಅಜ್ಜಿ ಫೋನ್ ಹಿಡಿದು ನೋಡಿ ಕೇಳಿದ್ದು ಒಂದೇ ಮಾತು: "ಇದ್ಯಾರವ್ವಾ?"

ಅಜ್ಜಿಯ ಕಣ್ಣು ಸರಿಯಾಗೇ ಇದೆ. ತಪ್ಪು ನನ್ನ ಎಡಿಟಿಂಗಲ್ಲಿತ್ತು. ಗೆಳತಿ ಕಪ್ಪು, ಪೋಸ್ಟರಲ್ಲಿದ್ದವಳು ಬೂದು ಬಿಳಿ. ಆ ಎಂಟು ಜನರ ಮುಖವನ್ನ ನಾನು ಬೆಳ್ಳಗೆ ಮಾಡಿದ್ದೆ. ಬೇಕು ಅಂತ ಅಲ್ಲ. ಟ್ಯುಟೋರಿಯಲ್‌ನಲ್ಲಿ ಮೊದಲನೇ ಹೆಜ್ಜೆ ಅದೇ ಇತ್ತು: "ಎಫೆಕ್ಟ್ ಚೆನ್ನಾಗಿ ಬರಬೇಕಂದ್ರೆ ಮೊದಲು ಮುಖದ ಬ್ರೈಟ್‌ನೆಸ್ ಏರಿಸಿ."

ಈ ಸರಣಿಯಲ್ಲಿ ನಾನು ಹೇಳೋದು ಇಷ್ಟೇ: ಆ ಮೊದಲನೇ ಹೆಜ್ಜೆ ಸುಳ್ಳು. ಡಬಲ್ ಎಕ್ಸ್‌ಪೋಶರ್‌ಗೆ ಬೆಳ್ಳಗಿನ ಮುಖ ಬೇಡವೇ ಬೇಡ. ನಿಜ ಹೇಳಬೇಕಂದ್ರೆ ಇದು ಕಪ್ಪಿನ ಮೇಲೆ ನಿಂತಿರೋ ಕಲೆ. ಸ್ವೈಪ್ ಮಾಡಿ, ಲೆಕ್ಕ ಸಮೇತ ತೋರಿಸ್ತೀನಿ.

2/8

ಮೊದಲು ಫಿಲ್ಮ್ ಕಾಲಕ್ಕೆ ಹೋಗೋಣ. ಫಿಲ್ಮ್ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದು, ರೋಲ್ ಮುಂದೆ ತಿರುಗಿಸದೆ, ಅದೇ ಚೌಕದ ಮೇಲೆ ಇನ್ನೊಂದು ಫೋಟೋ ತೆಗೆದರೆ ಅದು ಡಬಲ್ ಎಕ್ಸ್‌ಪೋಶರ್. ಮೊದಲ ಸಲ ಬಿದ್ದ ಬೆಳಕಿನ ಮೇಲೆ ಎರಡನೇ ಸಲದ ಬೆಳಕು ಕೂಡುತ್ತೆ. ಕೂಡುತ್ತೆ ಅನ್ನೋ ಪದ ನೆನಪಿಟ್ಕೊಳ್ಳಿ. ಬೆಳಕು ಬಿದ್ದಮೇಲೆ ಅದನ್ನ ಕಳೆಯೋಕೆ ಆಗಲ್ಲ.

ಈಗ ಯೋಚ್ನೆ ಮಾಡಿ. ಮೊದಲ ಫೋಟೋದಲ್ಲಿ ಎಲ್ಲಿ ಬಿಳಿ ಆಕಾಶ ಇತ್ತೋ ಅಲ್ಲಿ ಫಿಲ್ಮ್ ಆಗಲೇ ತುಂಬಿ ಹೋಗಿದೆ. ಎರಡನೇ ಚಿತ್ರಕ್ಕೆ ಅಲ್ಲಿ ಜಾಗ ಇಲ್ಲ. ಎಲ್ಲಿ ಕಪ್ಪು ಕೂದಲು, ಮುಖದ ನೆರಳು, ಗಾಢ ಬಣ್ಣದ ಬಟ್ಟೆ ಇತ್ತೋ ಅಲ್ಲಿ ಫಿಲ್ಮ್ ಹೆಚ್ಚುಕಮ್ಮಿ ಖಾಲಿ. ಬೆಟ್ಟ, ಮರ, ಹೊಳೆ ಎಲ್ಲಾ ಬಂದು ಕೂರೋದು ಆ ಖಾಲಿ ಜಾಗದಲ್ಲೇ. ತಲೆಯ ಆಕಾರದೊಳಗೆ ಮಾತ್ರ ಕಾಡು ಕಾಣೋದು, ಸುತ್ತ ಬಿಳಿಯಾಗೇ ಉಳಿಯೋದು, ಎಲ್ಲಾ ಇದರಿಂದಲೇ. ಅಲ್ಲಿ ಯಾರೂ ಕತ್ತರಿ ಹಿಡಿದು ತಲೆ ಕತ್ತರಿಸಿಲ್ಲ.

ನಮ್ಮ ಫೋನಲ್ಲಿ, ಲ್ಯಾಪ್‌ಟಾಪಲ್ಲಿ ಇದಕ್ಕೆ ಹತ್ತಿರದ ಬ್ಲೆಂಡ್ ಮೋಡ್ `Screen`. ಪಕ್ಕಾ ಫಿಲ್ಮ್ ಲೆಕ್ಕ ಅಲ್ಲ, ಆದ್ರೆ ಸ್ವಭಾವ ಅದೇ. ಎರಡು ಚಿತ್ರ ಸೇರಿದ ಕಡೆ ಬೆಳಕು ಜಾಸ್ತಿ ಆಗುತ್ತೆ ಅಥವಾ ಇದ್ದಷ್ಟೇ ಇರುತ್ತೆ, ಕಡಿಮೆ ಆಗೋದೇ ಇಲ್ಲ. ಬಿಳಿ ಬಿಳಿಯಾಗೇ ಉಳಿಯುತ್ತೆ.

ಆದ್ರೆ ನಮ್ಮಲ್ಲಿ ಹೆಚ್ಚಿನವರು ಮಾಡೋದೇನು? ಮೇಲಿನ ಲೇಯರಿನ ಒಪಾಸಿಟಿ ಎಳೆದು 50ಕ್ಕೆ ತಂದು "ಆಯ್ತು ಮಗಾ" ಅನ್ನೋದು. ಅದು ಡಬಲ್ ಎಕ್ಸ್‌ಪೋಶರ್ ಅಲ್ಲ. ಹಾಲಿಗೆ ಅರ್ಧ ನೀರು ಸುರಿದ ಹಾಗೆ.

3/8

ಲೆಕ್ಕ ಒಂದೇ ಒಂದು, ಹೆದರಬೇಡಿ. ಪೂರ್ತಿ ಕಪ್ಪು 0, ಪೂರ್ತಿ ಬಿಳಿ 1 ಅಂದ್ಕೊಳ್ಳಿ. `a` ಅಂದ್ರೆ ಮುಖ, `b` ಅಂದ್ರೆ ಬೆಟ್ಟದ ಚಿತ್ರ.

```
Normal 50%:  (a + b) / 2
Screen:      1 - (1 - a) * (1 - b)
```

ಬೆಟ್ಟದ ಚಿತ್ರದಲ್ಲಿ ಎರಡು ಚುಕ್ಕಿ ತಗೊಳ್ಳೋಣ. ಬಂಡೆಯ ನೆರಳು 0.2, ಬಂಡೆಯ ಬಿಸಿಲು 0.6. ಇವೆರಡರ ನಡುವಿನ ಅಂತರದಿಂದಲೇ ನಮಗೆ "ಓ, ಬಂಡೆ" ಅಂತ ಗೊತ್ತಾಗೋದು.

ಮುಖದ ಕಪ್ಪು ಭಾಗ 0.2 ಇರಲಿ. ಅದರ ಮೇಲೆ ಸ್ಕ್ರೀನ್ ಹಾಕಿದ್ರೆ ಬಂಡೆಯ ನೆರಳು 0.36 ಆಗುತ್ತೆ, ಬಿಸಿಲು 0.68. ಅಂತರ 0.32. ಬಂಡೆ ಚೆನ್ನಾಗಿ ಕಾಣುತ್ತೆ.

ಈಗ ಟ್ಯುಟೋರಿಯಲ್ ಹೇಳಿದ ಹಾಗೆ ಅದೇ ಜಾಗವನ್ನ 0.8ಕ್ಕೆ ಏರಿಸಿ. ಬಂಡೆಯ ನೆರಳು 0.84, ಬಿಸಿಲು 0.92. ಅಂತರ ಬರೀ 0.08. ಅಂದ್ರೆ ಬಂಡೆ ನಾಲ್ಕನೇ ಒಂದು ಪಾಲಿಗೆ ಇಳಿದು ಹೋಯ್ತು. ಮುಖ ಬೆಳಗಿಸಿದಷ್ಟೂ ಬೆಟ್ಟ ಮಾಯ.

ಒಪಾಸಿಟಿ 50 ಮಾಡಿದ್ರೆ? ಕಪ್ಪಿನ ಮೇಲೂ ಅಂತರ 0.2, ಬಿಳುಪಿನ ಮೇಲೂ ಅಂತರ 0.2. ಬೆಟ್ಟ ಎಲ್ಲಾ ಕಡೆ ಅರ್ಧ ಸತ್ತು ಹರಡಿಕೊಳ್ಳುತ್ತೆ. ಮುಖವೂ ಅಷ್ಟೇ, ಅರ್ಧ. ಬಿಳಿ ಹಿನ್ನೆಲೆಯ ಮೇಲೂ ಬೆಟ್ಟ ಕಾಣುತ್ತೆ, ಆಗ ನೀವು ತಲೆ ಕತ್ತರಿಸೋಕೆ ಕೂರ್ತೀರಿ.

ಈಗ ಹೇಳಿ, ಈ ಎಫೆಕ್ಟಿಗೆ ಯಾವ ಮುಖ ಚೆನ್ನ? ಹೆಚ್ಚು ಬೆಟ್ಟ ಹಿಡಿಸೋ ಜಾಗ ಯಾರ ಹತ್ತಿರ ಇದೆ?

4/8

ಹಾಗಾದ್ರೆ ಟ್ಯುಟೋರಿಯಲ್‌ನವನು ಸುಮ್ಮನೆ ಹಾಗೆ ಹೇಳಿದ್ನಾ? ಇಲ್ಲ. ಅದಕ್ಕೊಂದು ಕಾರಣ ಇದೆ, ಅದನ್ನ ಅರ್ಥ ಮಾಡ್ಕೊಂಡ್ರೆ ಪರಿಹಾರವೂ ಸಿಗುತ್ತೆ.

ಅವನು ತೋರಿಸಿದ ಮಾಡೆಲ್‌ನ ಮುಖ ಬೆಳ್ಳಗಿತ್ತು. ಸ್ಕ್ರೀನ್ ಹಾಕಿದ ಕೂಡಲೇ ಬೆಟ್ಟ ಕೂದಲಲ್ಲಿ, ಕತ್ತಿನ ನೆರಳಲ್ಲಿ ಕೂತುಬಿಡ್ತು. ಕಣ್ಣು ಮೂಗು ತಾವಾಗೇ ಉಳಿದವು. ಅವನು ಏನೂ ಮಾಡದೆಯೇ ಕೆಲಸ ಆಯ್ತು. ಅದೇ ಹೆಜ್ಜೆಗಳನ್ನ ನನ್ನ ಗೆಳತಿಯ ಫೋಟೋ ಮೇಲೆ ಹಾಕಿದಾಗ ಬೆಟ್ಟ ಮುಖದ ತುಂಬಾ ಬಂತು. ಕಣ್ಣಿನ ಮೇಲೆ ಬಂಡೆ, ತುಟಿಯ ಮೇಲೆ ಪೊದೆ. ನಾನು ಏನಂದ್ಕೊಂಡೆ ಅಂದ್ರೆ "ಮುಖ ಕಾಣ್ತಿಲ್ಲ, ಫೋಟೋನೇ ಡಾರ್ಕು." ಬ್ರೈಟ್‌ನೆಸ್ ಏರಿಸಿದೆ. ಮುಖ "ಕಂಡಿತು." ಯಾರ ಮುಖ ಅನ್ನೋದು ಅಜ್ಜಿ ಕೇಳಿದಮೇಲೇ ಗೊತ್ತಾಗಿದ್ದು.

ಇನ್ನೊಂದು ಮಾತು. ಬ್ರೈಟ್‌ನೆಸ್ ಮುಟ್ಟದೆ ಇದ್ರೂ ಸ್ಕ್ರೀನ್ ತಾನೇ ಬೆಳ್ಳಗೆ ಮಾಡುತ್ತೆ. ಅವಳ ಹಣೆಯ ಬೆಳಕಿನ ಭಾಗ 0.45 ಇತ್ತು. ಅದರ ಮೇಲೆ 0.3ರ ಬಂಡೆ ಕೂತ್ರೆ 0.62 ಆಗುತ್ತೆ. ಅಂದ್ರೆ "ನಾನು ಫಿಲ್ಟರ್ ಹಾಕಿಲ್ಲಪ್ಪ" ಅನ್ನೋ ಹಾಗಿಲ್ಲ. ಸ್ಕ್ರೀನ್ ಹಾಕಿ ಕೈ ತೊಳ್ಕೊಂಡ್ರೆ ನೀವೂ ಬಿಳಿ ಬಳಿದವರೇ.

ಪರಿಹಾರ ಮುಖದ ಮೇಲಿಲ್ಲ, ಮಾಸ್ಕ್ ಮೇಲಿದೆ. ಎಲ್ಲಿ ಆ ವ್ಯಕ್ತಿ ಅವರಾಗೇ ಇರಬೇಕೋ ಅಲ್ಲಿಂದ ಬೆಟ್ಟವನ್ನ ಪೂರ್ತಿ ಸರಿಸಬೇಕು. ಎಲ್ಲಿ ನೆರಳಿದೆಯೋ ಅಲ್ಲಿ ಬೆಟ್ಟಕ್ಕೆ ಜಾಗ ಕೊಡಬೇಕು.

5/8

ತಪ್ಪು ಮಾಡಿದವನೇ ಸರಿ ಮಾಡಬೇಕಲ್ವಾ. ಗೆಳತಿಯನ್ನ ಕೇಳಿ, ಅವಳು ಒಪ್ಪಿದಮೇಲೆ, ಮೊದಲಿಂದ ತೆಗೆದೆ.

ಮುಖದ ಫೋಟೋ: ಹಾಸ್ಟೆಲ್ ಟೆರೇಸಲ್ಲಿ, ಸಂಜೆ ನಾಲ್ಕೂವರೆಗೆ. ಬಟ್ಟೆ ಒಣಹಾಕೋ ಹಗ್ಗದ ಮೇಲೆ ಒಂದು ಬಿಳಿ ಪಂಚೆ, ಅದರ ಮೇಲೆ ನೇರ ಬಿಸಿಲು. ಅವಳು ಪಂಚೆಯಿಂದ ನಾಲ್ಕು ಹೆಜ್ಜೆ ಮುಂದೆ, ನೀರಿನ ಟ್ಯಾಂಕಿನ ನೆರಳಲ್ಲಿ. ನೆರಳಿಗಿಂತ ಬಿಸಿಲಲ್ಲಿರೋ ಬಟ್ಟೆ ಎಷ್ಟೋ ಪಟ್ಟು ಪ್ರಕಾಶ. ಹಾಗಾಗಿ ಫೋನಲ್ಲಿ ಅವಳ ಕೆನ್ನೆ ಮೇಲೆ ಒತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿದ್ರೆ ಮುಖ ಸರಿಯಾಗಿ ಬರುತ್ತೆ, ಪಂಚೆ ಬಿಳಿಯಾಗಿ ಸುಟ್ಟು ಹೋಗುತ್ತೆ. ನಮಗೆ ಬೇಕಾಗಿರೋದೇ ಅದು. `HDR` ಆಫ್ ಮಾಡಿ. ಅದು ಆನ್ ಇದ್ರೆ ಫೋನ್ ತಾನೇ ಜಾಣತನ ತೋರಿಸಿ ಪಂಚೆಯ ಮಡಿಕೆ ವಾಪಸ್ ತರುತ್ತೆ, ನೆರಳಲ್ಲಿರೋ ಮುಖವನ್ನ ತಾನೇ ಬೆಳಗಿಸುತ್ತೆ.

ಬೆಳಕು ಒಂದೇ ಪಕ್ಕದಿಂದ ಬರಬೇಕು. ಅವಳನ್ನ ಸ್ವಲ್ಪ ತಿರುಗಿಸಿ ನಿಲ್ಲಿಸಿದೆ. ಎಡ ಕೆನ್ನೆಗೆ ತೆರೆದ ಆಕಾಶದ ಬೆಳಕು, ಬಲ ಕೆನ್ನೆ ಟ್ಯಾಂಕಿನ ಕಡೆ. ಎಡಗಡೆ ಹಣೆ 0.45, ಬಲ ಕೆನ್ನೆ 0.2, ಕೂದಲು 0.08. ಎಡ ಅರ್ಧ ಅವಳದು, ಬಲ ಅರ್ಧ ಮತ್ತು ಕೂದಲು ಅವಳ ಊರಿನದು.

ಎದುರಿನಿಂದ ಫ್ಲ್ಯಾಶ್ ಹೊಡೆದು ತೆಗೆದ ಫೋಟೋದಲ್ಲಿ ಈ ಭಾಗ ಮಾಡೋಕೆ ಆಗಲ್ಲ. ಮುಖ ಪೂರ್ತಿ ಒಂದೇ ಮಟ್ಟ, ಬೆಟ್ಟ ಎಲ್ಲಿ ನಿಲ್ಲಬೇಕು ಅಂತ ಅದಕ್ಕೂ ಗೊತ್ತಾಗಲ್ಲ. ಅಂಥ ಫೋಟೋ ಇದ್ರೆ ಎಡಿಟ್ ಮಾಡ್ಬೇಡಿ, ಇನ್ನೊಂದು ತೆಗೀರಿ.

6/8

ಈಗ ಬೆಟ್ಟ. 2014ರಲ್ಲಿ ಬಂದ ಟ್ರೂ ಡಿಟೆಕ್ಟಿವ್ ಸರಣಿಯ ಶೀರ್ಷಿಕೆ ದೃಶ್ಯ ನೋಡಿದ್ದೀರಾ? ಈ ಶೈಲಿ ನಮ್ಮ ಫೀಡುಗಳವರೆಗೆ ಹರಡೋದಕ್ಕೆ ಅದೂ ಒಂದು ಕಾರಣ. ಅಲ್ಲಿ ಪಾತ್ರಗಳ ಮುಖದೊಳಗೆ ಇರೋದು ಚೆಂದದ ಹಿಮಾಲಯ ಅಲ್ಲ, ಅಮೆರಿಕದ ಲೂಯಿಸಿಯಾನಾದ ಕಾರ್ಖಾನೆಗಳು, ಹೆದ್ದಾರಿ. ಕಥೆ ನಡೆಯೋದೇ ಆ ನೆಲದಲ್ಲಿ. ಅದಕ್ಕೇ ಅದು ಮನಸ್ಸಲ್ಲಿ ಉಳೀತು. ನಾವು ಆ ಶೈಲಿ ತಗೊಂಡ್ವಿ, ಅದರ ಅರ್ಥ ಬಿಟ್ವಿ, ಪೈನ್ ಮರ ಡೌನ್‌ಲೋಡ್ ಮಾಡಿದ್ವಿ.

ಗೆಳತಿಯ ಊರು ಚಿತ್ರದುರ್ಗದ ಕಡೆ. ಬೋಳು ಬಂಡೆ ಗುಡ್ಡ, ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ. ಊರವರು ಫ್ಯಾನು ಅಂತಾರೆ. ರಜೆಗೆ ಹೋದಾಗ ಅವಳೇ ಮಧ್ಯಾಹ್ನ ಒಂದು ಫೋಟೋ ತೆಗೆದು ಕಳಿಸಿದಳು. ಸ್ಕ್ರೀನ್ ಹಾಕಿ ನೋಡ್ತೀನಿ, ಫ್ಯಾನುಗಳೇ ಇಲ್ಲ! ಅವು ಬಿಳಿ, ಆಕಾಶವೂ ಬಿಳಿ. ಜೊತೆಗೆ ತಲೆಯ ಮೇಲ್ಭಾಗವೂ ಹೋಯ್ತು. ಆಕಾಶ 0.95 ಇತ್ತು, ಕೂದಲು 0.08. ಸ್ಕ್ರೀನ್ ಮಾಡಿದ್ರೆ 0.95. ಹಿನ್ನೆಲೆ 1. ಅಂದ್ರೆ ಕೂದಲು ಹಿನ್ನೆಲೆಯಲ್ಲಿ ಕರಗಿ ತಲೆ ಬೋಳಾಯ್ತು.

ಇದನ್ನ ನೆನಪಿಟ್ಕೊಳ್ಳಿ: ಬೆಟ್ಟದ ಚಿತ್ರದಲ್ಲಿ ಬಿಳಿ ಇದ್ದಲ್ಲಿ ಮುಖ ಅಳಿಯುತ್ತೆ, ಕಪ್ಪು ಇದ್ದಲ್ಲಿ ಮುಖ ಉಳಿಯುತ್ತೆ.

"ಸಂಜೆ ಸೂರ್ಯನ ಕಡೆ ಮುಖ ಮಾಡಿ ತೆಗಿ" ಅಂದೆ. ಆಗ ಫ್ಯಾನುಗಳು ಕಪ್ಪು ಗೆರೆಗಳಾದವು. ಆಕಾಶ 0.75ಕ್ಕೆ ಇಳಿದಿತ್ತು. ಕೂದಲಿನ ಮೇಲೆ ಅದು 0.77 ಆಗುತ್ತೆ, ಹಿನ್ನೆಲೆಯ 1ರ ಮುಂದೆ ತಲೆಯ ಅಂಚು ತೆಳುವಾಗಿ ಉಳಿಯುತ್ತೆ. ಫ್ಯಾನುಗಳು ಕೂದಲ ಜಾಗದಲ್ಲಿ ನೆಟ್ಟಗೆ ನಿಂತವು. ಬಂಡೆಗಳ ಸಾಲನ್ನ ಬಲ ಕೆನ್ನೆಗೆ, ಕತ್ತಿಗೆ ಬರೋ ಹಾಗೆ ಕೆಳಗೆ ಎಳೆದೆ.

7/8

ಲೇಯರುಗಳ ಕೆಲಸ. ನಾನು ಬ್ರೌಸರಲ್ಲೇ ನಡೆಯೋ `Photopea` ಬಳಸಿದೆ. ಬ್ಲೆಂಡ್ ಮೋಡ್, ಮಾಸ್ಕ್ ಇರೋ ಯಾವ ಆ್ಯಪ್ ಆದ್ರೂ ನಡೆಯುತ್ತೆ.

ಕೆಳಗೆ ಮುಖದ ಫೋಟೋ. ಮೇಲೆ ಬೆಟ್ಟ, ಮೋಡ್ `Screen`. ಮೊದಲು ಚಿತ್ರದ ಮೂಲೆಗಳನ್ನ ನೋಡಿ. ಅಲ್ಲಿ ಬೆಟ್ಟದ ಛಾಯೆ ಕಂಡ್ರೆ ನಿಮ್ಮ ಹಿನ್ನೆಲೆ ಪೂರ್ತಿ ಬಿಳಿ ಆಗಿಲ್ಲ ಅಂತ ಅರ್ಥ. ಇಲ್ಲೇ ಎಲ್ಲರೂ ಜಾರೋದು. `Levels` ತೆಗೆದು ಬಿಳಿ ಗುಬ್ಬಿಯನ್ನ ಒಳಗೆ ಎಳೀತಾರೆ. ಹಿನ್ನೆಲೆ ಬಿಳಿ ಆಗುತ್ತೆ, ಜೊತೆಗೆ ಮುಖವೂ ಬೆಳಗುತ್ತೆ. ಹಿಂಬಾಗಿಲಿಂದ ಅದೇ ತಪ್ಪು. ಅದರ ಬದಲು ಮುಖ ಮತ್ತು ಬೆಟ್ಟದ ನಡುವೆ ಖಾಲಿ ಲೇಯರ್ ಹಾಕಿ, ಮೆತ್ತನೆಯ ಬ್ರಷ್‌ನಲ್ಲಿ ಹಿನ್ನೆಲೆಗೆ ಮಾತ್ರ ಬಿಳಿ ಬಳಿಯಿರಿ. ಕೂದಲ ಹತ್ತಿರ ಒಂದು ಬೆರಳಷ್ಟು ಜಾಗ ಬಿಡಿ. ಕೂದಲ ಎಳೆಗಳು ಅಲ್ಲೇ ಇರೋದು.

ಆಮೇಲೆ ಬೆಟ್ಟದ ಲೇಯರಿಗೆ ಮಾಸ್ಕ್. ಮಾಸ್ಕ್ ಬಿಳಿ ಇದ್ದಲ್ಲಿ ಬೆಟ್ಟ ಕಾಣುತ್ತೆ, ಕಪ್ಪು ಬಳಿದಲ್ಲಿ ಕಾಣಲ್ಲ, ಬೂದು ಬಳಿದಲ್ಲಿ ಅರೆಬರೆ. ಬ್ರಷ್ಷಿನ `Hardness` 0, `Flow` 20 ಸುತ್ತ ಇಟ್ಕೊಳ್ಳಿ. ಎಡ ಅರ್ಧ ಮುಖ, ಎರಡೂ ಕಣ್ಣು, ಮೂಗು, ಬಾಯಿ, ಇಷ್ಟಕ್ಕೂ ಕಪ್ಪು, ಪದೇ ಪದೇ ಸವರಿ ಪೂರ್ತಿ ಕಪ್ಪಾಗುವ ತನಕ. ಮೂಗಿನ ಪಕ್ಕದಿಂದ ಬಲ ಕೆನ್ನೆಗೆ ಹೋಗ್ತಾ ನಿಧಾನ ಕೈ ಬಿಡಿ.

ಒಂದು ಮೋಸದ ಗುಂಡಿ ಇದೆ, ನಾನು ಬಿದ್ದಿದ್ದೀನಿ. ಲೇಯರ್ ಪಟ್ಟಿಯಲ್ಲಿ ಎರಡು ಪುಟ್ಟ ಚಿತ್ರ ಇರುತ್ತೆ, ಒಂದು ಬೆಟ್ಟದ್ದು, ಒಂದು ಮಾಸ್ಕಿನದು. ಮಾಸ್ಕ್ ಅಂದ್ಕೊಂಡು ಬೆಟ್ಟದ ಮೇಲೇ ಕಪ್ಪು ಬಳಿದ್ರೂ ಪರದೆ ಮೇಲೆ ಫಲಿತಾಂಶ ಒಂದೇ ಥರ ಕಾಣುತ್ತೆ, ಯಾಕಂದ್ರೆ ಸ್ಕ್ರೀನ್‌ನಲ್ಲಿ ಕಪ್ಪು ಅಂದ್ರೆ ಸೊನ್ನೆ. ಗೊತ್ತೇ ಆಗಲ್ಲ. ಮಾರನೇ ದಿನ ಬೆಟ್ಟ ಸ್ವಲ್ಪ ಪಕ್ಕಕ್ಕೆ ಸರಿಸೋಣ ಅಂದಾಗ ಬಂಡೆಗಳೇ ಇರಲ್ಲ, ಬಳಿದು ಕೊಂದಿರ್ತೀರಿ. ಪರೀಕ್ಷೆ ಸುಲಭ. ಮಾಸ್ಕನ್ನ `Shift` ಒತ್ತಿ ಕ್ಲಿಕ್ ಮಾಡಿ ಆಫ್ ಮಾಡಿ, ಮೋಡನ್ನ ಒಂದು ಕ್ಷಣ `Normal`ಗೆ ತನ್ನಿ. ಬೆಟ್ಟದ ಮೇಲೆ ಕಪ್ಪು ಕಲೆ ಕಂಡ್ರೆ ತಪ್ಪು ಜಾಗದಲ್ಲಿ ಬಳಿದಿದ್ದೀರಿ. ಆಗ ಇನ್ನೂ `Ctrl+Z` ಕೆಲಸ ಮಾಡುತ್ತೆ.

8/8

ಕೊನೆಗೆ ಒಂದು ಪರೀಕ್ಷೆ, ಇದನ್ನ ಮಾಡದೆ ಪೋಸ್ಟ್ ಮಾಡ್ಬೇಡಿ. ಕಲರ್ ಪಿಕ್ಕರ್ ತಗೊಂಡು, ಮುಗಿದ ಚಿತ್ರದಲ್ಲಿ ಆ ವ್ಯಕ್ತಿಯ ಹಣೆಯ ಬೆಳಕಿನ ಭಾಗದ ಬಣ್ಣ ತೆಗೀರಿ. ಆಮೇಲೆ ಬೆಟ್ಟದ ಲೇಯರ್ ಮುಚ್ಚಿ ಅದೇ ಜಾಗದಲ್ಲಿ ಇನ್ನೊಮ್ಮೆ ತೆಗೀರಿ. ಎರಡು ಸಲವೂ ಅದೇ ಸಂಖ್ಯೆ ಬರಬೇಕು. ಏರಿದ್ರೆ ಮಾಸ್ಕ್ ಇನ್ನೂ ಪೂರ್ತಿ ಕಪ್ಪಾಗಿಲ್ಲ, ನೀವು ಅವರ ಬಣ್ಣ ಕದ್ದಿದ್ದೀರಿ. ನನ್ನ ಮೊದಲ ಪೋಸ್ಟರ್ ಈ ಪರೀಕ್ಷೆಯಲ್ಲಿ ಫೇಲ್. ಎರಡನೆಯದು ಪಾಸ್.

ಕೆಲವರು ಈಗಾಗಲೇ ಡಿಎಂ ಮಾಡಿದ್ದಾರೆ. "ಗುರು, ಇದು ಕಲೆ, ಪಾಸ್‌ಪೋರ್ಟ್ ಫೋಟೋ ಅಲ್ಲ. ಬಣ್ಣ ಬದಲಾದ್ರೆ ಏನೀಗ?" ಒಪ್ಪಿದೆ. ಮುಖವನ್ನ ನೀಲಿ ಮಾಡಿ, ಕೆಂಪು ಮಾಡಿ, ಪೂರ್ತಿ ಕಪ್ಪು ಬಿಳುಪು ಮಾಡಿ, ಅದು ನಿಮ್ಮ ಆಯ್ಕೆ. ಆದ್ರೆ ನನ್ನ ಹದಿನಾರು ಪೋರ್ಟ್ರೇಟಲ್ಲಿ ಬಣ್ಣ ಬದಲಾಗಿದ್ದು ಎಂಟು ಜನರದ್ದು ಮಾತ್ರ. ಬೆಳ್ಳಗಿದ್ದವರ ಸ್ಲೈಡರ್ ನಾನು ಮುಟ್ಟೇ ಇಲ್ಲ. ಅದನ್ನ ಕಲೆ ಅಂತ ಹೇಗೆ ಹೇಳಲಿ?

"ಹೊಸದರಲ್ಲಿ ಮುಖ ಅರ್ಧನೇ ಕಾಣುತ್ತಲ್ಲ" ಅಂತಲೂ ಕೇಳಿದ್ರು. ಹೌದು. ಇದು ಎರಡು ಚಿತ್ರ ಒಂದೇ ಜಾಗ ಹಂಚಿಕೊಳ್ಳೋ ಆಟ, ಎರಡೂ ಪೂರ್ತಿ ಬೇಕು ಅಂದ್ರೆ ಎರಡು ಫೋಟೋ ಹಾಕಿ. ಯಾವ ಅರ್ಧ ಕೊಡಬೇಕು ಅಂತ ನಿರ್ಧರಿಸೋದೇ ನಮ್ಮ ಕೆಲಸ.

ಹೊಸ ಚಿತ್ರ ಮೊದಲು ಗೆಳತಿಗೆ ಕಳಿಸಿದೆ. ಅವಳು ಅಜ್ಜಿಗೆ ತೋರಿಸಿದಳಂತೆ. ಅಜ್ಜಿ ಈ ಸಲ "ಯಾರು" ಅಂತ ಕೇಳಲಿಲ್ಲ. ಬೆರಳಿಂದ ದೊಡ್ಡದು ಮಾಡಿ, ಕೂದಲಲ್ಲಿ ನಿಂತಿದ್ದ ಮೂರನೇ ಫ್ಯಾನು ತೋರಿಸಿ ಅಂದ್ರಂತೆ: "ಇದು ನಮ್ಮ ಹೊಲದ ಮೇಲಿಂದಲ್ಲೇನೇ?"

ಉಳಿದ ಏಳು ಜನ, ನಿಮ್ಮ ಫೋಟೋ ನಾನೇ ಮತ್ತೆ ಮಾಡ್ತೀನಿ. ಭಾನುವಾರ ನಾಲ್ಕೂವರೆಗೆ ಟೆರೇಸಿಗೆ ಬನ್ನಿ, ಪಂಚೆ ನಾನು ತರ್ತೀನಿ. ನಿಮ್ಮ ಊರಿನ ಸಂಜೆ ಫೋಟೋ ನೀವು ತನ್ನಿ, ಸೂರ್ಯನ ಕಡೆ ಮುಖ ಮಾಡಿ ತೆಗೆದಿದ್ದು. ಹಳೇ ಪೋಸ್ಟರ್ ಇವತ್ತು ರಾತ್ರಿ ಡಿಲೀಟ್ ಮಾಡ್ತಿದ್ದೀನಿ.

#ಡಬಲ್‌ಎಕ್ಸ್‌ಪೋಶರ್ #ಕನ್ನಡದಲ್ಲಿಎಡಿಟಿಂಗ್ #ಮಾಸ್ಕ್‌ಹಾಕಿ